ಎಳ್ಳೆಣ್ಣೆಯ ಸಾಕ್ಷಿ: ವನಸ್ಪತಿಯ ಕಾನೂನು ಕಾಯ್ದದ್ದು ತುಪ್ಪವನ್ನೋ, ಹೃದಯವನ್ನೋ?

ಭಾರತದಲ್ಲಿ ತಯಾರಾಗುವ ವನಸ್ಪತಿಗೆ ಶೇ 5ರಷ್ಟು ಎಳ್ಳೆಣ್ಣೆ ಬೆರೆಸಬೇಕೆಂಬ ನಿಯಮ ದಶಕಗಳ ಕಾಲ ಜಾರಿಯಲ್ಲಿತ್ತು. ಈ ಎಳ್ಳೆಣ್ಣೆ ರುಚಿಗಲ್ಲ, ಪೌಷ್ಟಿಕತೆಗೂ ಅಲ್ಲ. ಅದು ವನಸ್ಪತಿಗೆ ಹಾಕಿದ ಗುರುತು. ಸಂಶಯವಿದ್ದ ತುಪ್ಪವನ್ನು ಕರಗಿಸಿ, ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಒಂದೆರಡು ಹನಿ ಫರ್ಫ್ಯೂರಲ್ ದ್ರಾವಣ ಹಾಕಿ ಕುಲುಕಿದರೆ, ಎಳ್ಳೆಣ್ಣೆಯಲ್ಲಿರುವ ವಸ್ತುವೊಂದರಿಂದ ಆಮ್ಲದ ಪದರ ಕೆಂಪಗಾಗುತ್ತದೆ. ಬೋದ್ವಾಂ ಪರೀಕ್ಷೆ ಎಂದು ಕರೆಯುವ ಈ ವಿಧಾನದಿಂದ ತುಪ್ಪದಲ್ಲಿ ವನಸ್ಪತಿ ಬೆರೆತಿರುವುದು ಕ್ಷಣದಲ್ಲಿ ಬಯಲಾಗುತ್ತಿತ್ತು. ಅದೇ ವನಸ್ಪತಿ ತಿಂದವನ ರಕ್ತನಾಳಕ್ಕೆ ಏನು ಮಾಡುತ್ತದೆ ಎಂಬುದು ಮಾತ್ರ ಬಹುಕಾಲ ಕಾನೂನಿನ ಕಣ್ಣಿಗೆ ಬೀಳಲಿಲ್ಲ. ಹಾಗಾದದ್ದು ಏಕೆಂದು ಈ ಲೇಖನ ಪರಿಶೀಲಿಸುತ್ತದೆ.

ದ್ರವ ಎಣ್ಣೆ ಗಟ್ಟಿಯಾದ ಬಗೆ

ನಿಕ್ಕಲ್‌ನಂಥ ಲೋಹದ ಪುಡಿಯ ನೆರವಿನಿಂದ ಇಂಗಾಲದ ಸಂಯುಕ್ತಗಳಿಗೆ ಜಲಜನಕ ಸೇರಿಸುವ ವಿದ್ಯೆಯನ್ನು ತೋರಿಸಿಕೊಟ್ಟವನು ಫ್ರಾನ್ಸಿನ ಪಾಲ್ ಸಬಾಟಿಯೆ. ಜರ್ಮನಿಯ ವಿಲ್ಹೆಲ್ಮ್ ನೋರ್ಮನ್ ಅದನ್ನು ದ್ರವ ಎಣ್ಣೆಗೆ ಅನ್ವಯಿಸಿ 1902ರಲ್ಲಿ ಪೇಟೆಂಟ್ ಪಡೆದ. ಮೊದಲು ವಿದೇಶದಿಂದ ಬರುತ್ತಿದ್ದ ಈ ಕೃತಕ ಜಿಡ್ಡು 1930ರ ದಶಕದಲ್ಲಿ ಮುಂಬಯಿಯ ಶಿವಡಿಯಲ್ಲೇ ತಯಾರಾಗತೊಡಗಿತು. 1937ರಲ್ಲಿ ಬಂದ ‘ಡಾಲ್ಡಾ’ ಎಷ್ಟು ಮನೆಮಾತಾಯಿತೆಂದರೆ, ಎಲ್ಲ ವನಸ್ಪತಿಗೂ ಜನ ಅದೇ ಹೆಸರು ಹಿಡಿದರು.

ಜಲಜನಕ ಸೇರಿಸುವುದನ್ನು ಅರ್ಧಕ್ಕೆ ನಿಲ್ಲಿಸುವುದರಲ್ಲೇ ಈ ಕಸುಬಿನ ಗುಟ್ಟಿತ್ತು. ಎಣ್ಣೆಯ ಕೊಬ್ಬಿನಾಮ್ಲದ ಸರಪಳಿ ಜೋಡಿಬಂಧ ಇರುವಲ್ಲಿ ಬಾಗಿರುತ್ತದೆ. ಬಾಗಿದ ಸರಪಳಿಗಳು ಒತ್ತಾಗಿ ಕೂರಲಾರವು, ಆದ್ದರಿಂದ ಎಣ್ಣೆ ದ್ರವವಾಗಿರುತ್ತದೆ. ಜಲಜನಕ ಬಂದು ಕೂತಾಗ ಕೆಲವು ಬಂಧಗಳು ತುಂಬಿಹೋಗುತ್ತವೆ. ಇನ್ನು ಕೆಲವು ಕಡೆ ಕೂತ ಜಲಜನಕ ಮತ್ತೆ ಬಿಟ್ಟುಹೋಗುತ್ತದೆ; ಅಷ್ಟರಲ್ಲಿ ಸರಪಳಿ ತಿರುಗಿ ನೆಟ್ಟಗಾಗಿರುತ್ತದೆ. ಜೋಡಿಬಂಧ ಉಳಿದಿದ್ದೂ ನೆಟ್ಟಗಾದ ಈ ರೂಪವೇ ಟ್ರಾನ್ಸ್ ಕೊಬ್ಬು.

ಇದರ ಪರಿಣಾಮವನ್ನು ಮೂರು ಅಂಕಿಗಳು ತಿಳಿಸುತ್ತವೆ. ಹದಿನೆಂಟು ಇಂಗಾಲದ ಬಾಗಿದ ಓಲಿಯಿಕ್ ಆಮ್ಲ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಪೂರ್ತಿ ತುಂಬಿದ ಸ್ಟಿಯರಿಕ್ ಆಮ್ಲ ಕರಗಲು ಸುಮಾರು 69 ಡಿಗ್ರಿ ಬೇಕು. ಅದು ಬಾಯಿಗೆ ಮೇಣದಂತೆ ಅಂಟುತ್ತದೆ. ಇವೆರಡರ ನಡುವೆ ನಿಲ್ಲುವುದು ಓಲಿಯಿಕ್‌ನ ಟ್ರಾನ್ಸ್ ರೂಪ, ಸುಮಾರು 45 ಡಿಗ್ರಿ. ವನಸ್ಪತಿ 31ರಿಂದ 41 ಡಿಗ್ರಿಯೊಳಗೆ ಕರಗಬೇಕೆಂದು ನಮ್ಮ ಕಲಬೆರಕೆ ತಡೆ ನಿಯಮ ಹೇಳುತ್ತಿತ್ತು. ಡಬ್ಬಿಯಲ್ಲಿ ಗಟ್ಟಿಯಾಗಿದ್ದು ನಾಲಗೆಯ ಮೇಲೆ ಕರಗುವ ಇಂಥ ಹದ ಅಗ್ಗದ ದ್ರವ ಎಣ್ಣೆಯಿಂದ ಬರಬೇಕಿದ್ದರೆ ಟ್ರಾನ್ಸ್ ಕೊಬ್ಬೇ ಸುಲಭದ ದಾರಿ. ಆದ್ದರಿಂದ ಅದನ್ನು ತಯಾರಿಕೆಯಲ್ಲಿ ನುಸುಳಿದ ಕಲ್ಮಶ ಎನ್ನಲಾಗದು. ವನಸ್ಪತಿಗೆ ತುಪ್ಪದ ಹದ ಕೊಟ್ಟದ್ದೇ ಅದು.

ಸ್ವಾತಂತ್ರ್ಯದ ಹೊತ್ತಿಗೆ ವನಸ್ಪತಿಯ ವಿರುದ್ಧ ಎದ್ದ ಕೂಗು ಜೋರಾಗಿಯೇ ಇತ್ತು. ಗಾಂಧೀಜಿ ಅದನ್ನು ವಿರೋಧಿಸಿದ್ದರು, ನಿಷೇಧದ ಬೇಡಿಕೆ ಸಂಸತ್ತಿನವರೆಗೂ ಹೋಗಿತ್ತು. ಆದರೆ ವಾದದ ಕೇಂದ್ರದಲ್ಲಿ ಇದ್ದದ್ದು ಹಸು, ಹಳ್ಳಿಯ ಹೈನು ಮತ್ತು ತುಪ್ಪದ ಶುದ್ಧಿ. ಎಳ್ಳೆಣ್ಣೆಯ ಗುರುತು ಆ ಚಿಂತೆಯ ಫಲ. ತುಪ್ಪದಲ್ಲಿರುವ ಎ ಜೀವಸತ್ವ ವನಸ್ಪತಿಯಲ್ಲಿಲ್ಲ ಎಂಬ ಕೊರತೆಗೂ ಉತ್ತರ ಸಿಕ್ಕಿತು. ಅದನ್ನು ಬೆರೆಸುವುದು ಕಡ್ಡಾಯವಾಯಿತು. ಟ್ರಾನ್ಸ್ ಕೊಬ್ಬಿಗೆ ಮಾತ್ರ ಮಿತಿ ಇರಲಿಲ್ಲ.

ಐವತ್ತೊಂಬತ್ತು ಜನರ ಊಟ

ಹೃದಯದ ಕಡೆಗೆ ಗಮನ ತಿರುಗಿಸಿದ ಪ್ರಯೋಗ ನೆದರ್‌ಲೆಂಡ್ಸ್‌ನದು. ರೊನಾಲ್ಡ್ ಮೆನ್ಸಿಂಕ್ ಮತ್ತು ಮಾರ್ಟೈನ್ ಕಟಾನ್ 1990ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ 59 ಆರೋಗ್ಯವಂತರು ಮೂರು ಬಗೆಯ ಊಟವನ್ನು ತಲಾ ಮೂರು ವಾರ ಉಂಡರು. ದಿನದ ಶಕ್ತಿಯ ಶೇ 10ರಷ್ಟು ಒಮ್ಮೆ ಓಲಿಯಿಕ್ ಆಮ್ಲದಿಂದ, ಒಮ್ಮೆ ಸ್ಯಾಚುರೇಟೆಡ್ ಕೊಬ್ಬಿನಿಂದ, ಇನ್ನೊಮ್ಮೆ ಟ್ರಾನ್ಸ್ ಕೊಬ್ಬಿನಿಂದ ಬರುವಂತೆ ಊಟವನ್ನು ಹೊಂದಿಸಲಾಗಿತ್ತು. ಓಲಿಯಿಕ್ ಊಟಕ್ಕೆ ಹೋಲಿಸಿದರೆ ಸ್ಯಾಚುರೇಟೆಡ್ ಕೊಬ್ಬು ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಅನ್ನು ಡೆಸಿಲೀಟರಿಗೆ 18 ಮಿಲಿಗ್ರಾಂ ಏರಿಸಿತು, ಒಳ್ಳೆಯದೆನ್ನುವ ಎಚ್‌ಡಿಎಲ್ ಅನ್ನು ಮುಟ್ಟಲಿಲ್ಲ. ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಅನ್ನು 14 ಮಿಲಿಗ್ರಾಂ ಏರಿಸಿದ್ದಲ್ಲದೆ ಎಚ್‌ಡಿಎಲ್ ಅನ್ನು 7 ಮಿಲಿಗ್ರಾಂ ಇಳಿಸಿತು. ಎರಡೂ ಕಡೆಯಿಂದ ಹೊಡೆತ ಕೊಟ್ಟದ್ದು ಟ್ರಾನ್ಸ್ ಒಂದೇ. ಮುಂದೆ 2006ರಲ್ಲಿ ಹಲವು ದೀರ್ಘಾವಧಿಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನದ ಶಕ್ತಿಯಲ್ಲಿ ಟ್ರಾನ್ಸ್ ಪಾಲು ಶೇ 2ರಷ್ಟು ಹೆಚ್ಚಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ 23ರಷ್ಟು ಹೆಚ್ಚಾಗಿ ಕಂಡಿತು.

ಒಂದು ಪಫ್ಸ್‌ನ ಲೆಕ್ಕ

ಈ ಅಂಕಿಗಳನ್ನು ನಮ್ಮ ಬೇಕರಿಯ ಗಾಜಿನ ಪೆಟ್ಟಿಗೆಗೆ ತಂದು ನೋಡೋಣ. ಟ್ರಾನ್ಸ್ ಕೊಬ್ಬು ದಿನದ ಶಕ್ತಿಯ ಶೇ 1ಕ್ಕಿಂತ ಕಡಿಮೆಯಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2000 ಕ್ಯಾಲೊರಿ ಉಣ್ಣುವವರಿಗೆ ಅದು 20 ಕ್ಯಾಲೊರಿ, ಅಂದರೆ ಸುಮಾರು 2.2 ಗ್ರಾಂ. ಪಫ್ಸ್‌ನ ಪದರ ಬಿಡಬೇಕಿದ್ದರೆ ಹಿಟ್ಟಿನ ಮಡಿಕೆಗಳ ನಡುವೆ ಜಿಡ್ಡು ಗಟ್ಟಿಯಾಗಿ ಹರಡಿರಬೇಕು. ಎಣ್ಣೆ ಹಾಕಿದರೆ ಹಿಟ್ಟು ಅದನ್ನು ಹೀರಿಕೊಂಡು ಪದರಗಳು ಅಂಟಿಕೊಳ್ಳುತ್ತವೆ. ಒಂದು ಪಫ್ಸ್‌ನಲ್ಲಿ 15 ಗ್ರಾಂ ವನಸ್ಪತಿ ಇದೆ, ಅದರಲ್ಲಿ ಶೇ 20 ಟ್ರಾನ್ಸ್ ಎಂದಿಟ್ಟುಕೊಳ್ಳಿ. ಆಗ ಆ ಒಂದರಲ್ಲೇ 3 ಗ್ರಾಂ ಟ್ರಾನ್ಸ್ ಇದ್ದು, ದಿನದ ಮಿತಿ ಅಲ್ಲಿಗೇ ದಾಟಿತು. ಶೇ 2ರ ವನಸ್ಪತಿಯಲ್ಲಿ ಮಾಡಿದ ಅದೇ ಪಫ್ಸ್‌ನಲ್ಲಿ ಇರುವುದು 0.3 ಗ್ರಾಂ.

ಈ ಶೇ 2ರ ಮಿತಿಯನ್ನು ಡೆನ್ಮಾರ್ಕ್ 2003ರಲ್ಲೇ ಕಾನೂನಾಗಿಸಿತ್ತು. ಭಾರತ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು: ಮೊದಲು ಶೇ 10, ಆಮೇಲೆ ಶೇ 5, 2021ರ ಜನವರಿಯಿಂದ ಶೇ 3, 2022ರ ಜನವರಿಯಿಂದ ಶೇ 2. ಕೊನೆಯ ಮಿತಿ ವನಸ್ಪತಿಯ ಡಬ್ಬಿಗಷ್ಟೇ ಅಲ್ಲದೆ, ಅಂಥ ಜಿಡ್ಡು ಬಳಸಿ ಮಾಡಿದ ತಿಂಡಿಯ ಕೊಬ್ಬಿಗೂ ಅನ್ವಯಿಸುತ್ತದೆ. ಗಟ್ಟಿತನಕ್ಕಾಗಿ ತಯಾರಕರು ಈಗ ತಾಳೆ ಎಣ್ಣೆಯ ಗಟ್ಟಿ ಭಾಗದ ಮೊರೆಹೋಗುತ್ತಾರೆ. ಟ್ರಾನ್ಸ್ ಹೋದ ಜಾಗಕ್ಕೆ ಸ್ಯಾಚುರೇಟೆಡ್ ಕೊಬ್ಬು ಬಂದಿದೆ. ಮೆನ್ಸಿಂಕ್ ಮತ್ತು ಕಟಾನ್ ಅವರ ಲೆಕ್ಕದಂತೆ ಇದು ಟ್ರಾನ್ಸ್‌ಗಿಂತ ವಾಸಿ, ಎಣ್ಣೆಯಷ್ಟು ಒಳ್ಳೆಯದಲ್ಲ.

ಬಾಣಲೆಯ ಎಣ್ಣೆಯ ಪ್ರಶ್ನೆ

ಪದೇ ಪದೇ ಕಾಸಿದ ಎಣ್ಣೆಯೆಲ್ಲ ಟ್ರಾನ್ಸ್ ಆಗಿಬಿಡುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ಇಲ್ಲಿ ತುಸು ವಿವೇಚನೆ ಬೇಕು. ಬೋಂಡಾ, ಬಜ್ಜಿ ಕರಿಯುವ ಕಾವಿನಲ್ಲಿ ಸಾಮಾನ್ಯ ಎಣ್ಣೆಯೊಳಗೆ ಹುಟ್ಟುವ ಟ್ರಾನ್ಸ್ ಕೊಬ್ಬಿನ ಪ್ರಮಾಣ ಸಣ್ಣದು. ಕಾವೂ ಸರದಿಯೂ ಏರಿದಂತೆ ಅದು ಏರುತ್ತದೆ. ಬಾಣಲೆಯಲ್ಲಿರುವುದೇ ಹಳೆಯ ಬಗೆಯ ವನಸ್ಪತಿಯಾದರೆ ಮಾತ್ರ ಟ್ರಾನ್ಸ್ ಮೊದಲೇ ತುಂಬಿರುತ್ತದೆ. ಮತ್ತೆ ಮತ್ತೆ ಕಾದ ಎಣ್ಣೆಯ ಮುಖ್ಯ ದೋಷ ಬೇರೆ. ಗಾಳಿ, ನೀರು ಮತ್ತು ಕಾವು ಸೇರಿ ಕೊಬ್ಬನ್ನು ಮುರಿದು, ಪೋಲಾರ್ ಸಂಯುಕ್ತಗಳೆಂಬ ಒಡಕು ವಸ್ತುಗಳನ್ನು ಕೂಡಿಹಾಕುತ್ತವೆ. ಇವು ಶೇ 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ.

ಎಣ್ಣೆ ಕಪ್ಪಾಗಿ ಮಂದವಾಗುವುದು, ತಿಂಡಿ ಹಾಕಿದಾಗ ಎದ್ದ ನೊರೆ ಇಳಿಯದಿರುವುದು, ಕಡಿಮೆ ಕಾವಿಗೇ ಹೊಗೆಯಾಡುವುದು, ಬಾಣಲೆಯ ಅಂಚಿಗೆ ಅಂಟು ಹಿಡಿಯುವುದು ಎಣ್ಣೆ ಕೆಟ್ಟಿರುವ ಗುರುತುಗಳು. ನಿನ್ನೆಯ ಎಣ್ಣೆಗೆ ಇಂದು ಹೊಸದನ್ನು ಸುರಿದರೆ ಬಣ್ಣ ತಿಳಿಯಾಗುತ್ತದೆ, ಒಡಕು ವಸ್ತುಗಳು ಅಲ್ಲೇ ಉಳಿಯುತ್ತವೆ.

ಉಪಸಂಹಾರ

ತುಪ್ಪಕ್ಕೆ ಬೆರೆತ ವನಸ್ಪತಿಯನ್ನು ಬಣ್ಣದಿಂದ ಹಿಡಿಯುವ ಉಪಾಯ ನಮ್ಮಲ್ಲಿತ್ತು. ವನಸ್ಪತಿಯೊಳಗಿನ ಟ್ರಾನ್ಸ್ ಅನ್ನು ಆ ಬಣ್ಣ ತೋರಿಸದು. ಅದನ್ನು ಅಳೆಯಲು ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರವುಳ್ಳ ಪ್ರಯೋಗಾಲಯ ಬೇಕು. ಪೊಟ್ಟಣದ ಬಿಸ್ಕತ್ತಿನ ಮೇಲೆ ಟ್ರಾನ್ಸ್ ಪ್ರಮಾಣ ಅಚ್ಚಾಗಿರುತ್ತದೆ. ಪೆಟ್ಟಿಗೆಯಿಂದ ಕಾಗದಕ್ಕೆ ಸುತ್ತಿ ಕೊಡುವ ಪಫ್ಸ್, ಖಾರಾ ಬಿಸ್ಕತ್ತುಗಳ ಮೇಲೆ ಏನೂ ಇರುವುದಿಲ್ಲ. ಆದ್ದರಿಂದ ಶೇ 2ರ ಕಾನೂನು ನಿಜವಾಗಬೇಕಾದರೆ ಆಹಾರ ಸುರಕ್ಷತಾ ಅಧಿಕಾರಿಗಳು ಮಾದರಿ ತೆಗೆಯಬೇಕಾದದ್ದು ಅಂಗಡಿಯ ಪೊಟ್ಟಣದಿಂದಷ್ಟೇ ಅಲ್ಲ, ಬೇಕರಿಯ ಹಿಂಬದಿಯಲ್ಲಿ ಹಿಟ್ಟು ನಾದುವ ಮೇಜಿನ ಪಕ್ಕ ತೆರೆದಿಟ್ಟ ಜಿಡ್ಡಿನ ಡಬ್ಬಿಯಿಂದ.