ನಕ್ಷೆಯಲ್ಲಿ 1:100 ಎಂದಿದೆ, ಆದರೂ ಟೈಲ್ಸ್ ಲೆಕ್ಕ ತಪ್ಪುವುದೇಕೆ?

ಬಂಗಾರಪೇಟೆಯಲ್ಲಿ ಒಬ್ಬರು ಮನೆ ಕಟ್ಟಿಸುತ್ತಿದ್ದಾರೆ ಎಂದುಕೊಳ್ಳಿ. ನೆಲಕ್ಕೆ ಟೈಲ್ಸ್ ಹಾಕಿಸುವ ಹೊತ್ತು ಬಂದಿದೆ. ಮನೆಯ ನಕ್ಷೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನ ಬಳಿ ಇದೆ. ಅವನು ಅದರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾನೆ, ಇವರು ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಯ ಮೇಲೆ ಪ್ರಿಂಟ್ ಹಾಕಿಸುತ್ತಾರೆ. ಕೋಣೆಗಳ ಒಳಅಳತೆ ನಕ್ಷೆಯಲ್ಲಿ ಬರೆದಿಲ್ಲ, ಆದರೆ ಮೂಲೆಯಲ್ಲಿ ‘ಸ್ಕೇಲ್ 1:100’ ಎಂದಿದೆ. ಅಂದರೆ ಹಾಳೆಯ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ಒಂದು ಮೀಟರ್. ಸ್ಕೂಲ್ ಪಟ್ಟಿ ಇಟ್ಟು ಅಳೆದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. 1:100 ಎಂಬ ಬರಹ ನಿಜವಾಗುವುದು ನಕ್ಷೆ ಮೊದಲು ಅಚ್ಚಾದ ಅಳತೆಯ ಹಾಳೆಯಲ್ಲಿ ಮಾತ್ರ. ಫೋಟೋ ತೆಗೆದು ಬೇರೆ ಹಾಳೆಗೆ ಪ್ರಿಂಟ್ ಮಾಡಿದಾಗ ಗೆರೆಗಳೆಲ್ಲ ಕುಗ್ಗುತ್ತವೆ ಅಥವಾ ಹಿಗ್ಗುತ್ತವೆ. ಬರಹ ಮಾತ್ರ 1:100 ಎಂದೇ ಉಳಿಯುತ್ತದೆ! ಎ3 ಹಾಳೆಯ ನಕ್ಷೆಯನ್ನು ಎ4ಗೆ ಇಳಿಸಿದರೆ ಪ್ರತಿ ಗೆರೆಯೂ ಸುಮಾರು ಶೇ. 71ಕ್ಕೆ ಇಳಿಯುತ್ತದೆ. ಫೋಟೋದಲ್ಲಿ ಅಂಚುಗಳು ಎಷ್ಟು ಸೇರಿವೆ ಎಂಬುದರ ಮೇಲೆ ಇದೂ ಬದಲಾಗುತ್ತದೆ.

ಹಾಗಾದರೆ ನಿಜವಾದ ಸ್ಕೇಲ್ ತಿಳಿಯುವುದು ಹೇಗೆ? ನಕ್ಷೆಯಲ್ಲಿ ಅಂಕಿ ಬರೆದಿರುವ ಒಂದು ಉದ್ದನೆಯ ಗೆರೆಯನ್ನು ಹುಡುಕಬೇಕು. ಸಾಮಾನ್ಯವಾಗಿ ಹೊರಗೋಡೆಯ ಅಳತೆಯನ್ನು ಬರೆದೇ ಇರುತ್ತಾರೆ. ನಮ್ಮ ಉದಾಹರಣೆಯಲ್ಲಿ ಮನೆಯ ಅಗಲ 8.00 ಮೀಟರ್ ಎಂದಿದೆ. ಪ್ರಿಂಟ್ ಮೇಲೆ ಅದೇ ಗೆರೆ 6.4 ಸೆಂಟಿಮೀಟರ್ ಇದೆ. 8.00 ಅನ್ನು 6.4ರಿಂದ ಭಾಗಿಸಿದರೆ 1.25. ಈ ಪ್ರಿಂಟ್‌ನಲ್ಲಿ ಒಂದು ಸೆಂಟಿಮೀಟರ್ ಅಂದರೆ ಒಂದೂಕಾಲು ಮೀಟರ್, ನಿಜವಾದ ಸ್ಕೇಲ್ 1:125.

ಇಲ್ಲಿಗೇ ನಿಲ್ಲಬೇಡಿ, ಇನ್ನೊಂದು ದಿಕ್ಕಿನಲ್ಲೂ ಅಳೆಯಿರಿ. ಮನೆಯ ಉದ್ದ 7.10 ಮೀಟರ್ ಎಂದಿದ್ದು, ಪ್ರಿಂಟ್ ಮೇಲೆ 5.7 ಸೆಂಟಿಮೀಟರ್ ಬಂದರೆ ಅಲ್ಲೂ ಹತ್ತಿರಹತ್ತಿರ 1.25 ಸಿಗುತ್ತದೆ. ಎರಡೂ ಹೊಂದಿದರೆ ಫೋಟೋ ನೇರವಾಗಿದೆ ಎಂದು ನಂಬಬಹುದು. ಅಡ್ಡ ದಿಕ್ಕಿಗೆ 1.25, ಉದ್ದ ದಿಕ್ಕಿಗೆ 1.35 ಬಂದರೆ ಫೋನನ್ನು ಓರೆಯಾಗಿ ಹಿಡಿದಿದ್ದರು ಎಂದರ್ಥ. ಎದುರುಬದುರಿನ ಎರಡು ಗೋಡೆಗಳು ಒಂದೇ ಉದ್ದವಿರಬೇಕಾದಲ್ಲಿ ಪ್ರಿಂಟ್ ಮೇಲೆ ಒಂದು ಚಿಕ್ಕದು, ಇನ್ನೊಂದು ದೊಡ್ಡದು ಕಂಡರೂ ಅದೇ ಕಾಯಿಲೆ: ಕ್ಯಾಮೆರಾಗೆ ಹತ್ತಿರವಿದ್ದ ಬದಿ ದೊಡ್ಡದಾಗಿದೆ. ಅಂಥ ಚಿತ್ರದಲ್ಲಿ ಸ್ಕೇಲ್ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ಯಾವ ಗುಣಾಕಾರವೂ ಅದನ್ನು ಸರಿಮಾಡದು. ನಕ್ಷೆಯನ್ನು ಮೇಜಿನ ಮೇಲೆ ಮಡಿಕೆಯಿಲ್ಲದಂತೆ ಹರಡಿ, ಫೋನನ್ನು ನೇರ ಮೇಲಿನಿಂದ ಹಿಡಿದು ಮತ್ತೊಮ್ಮೆ ತೆಗೆಯಲು ಮಗನಿಗೆ ಹೇಳುವುದೇ ಸುಲಭ.

ಈಗ ಕೋಣೆಗಳಿಗೆ ಬರೋಣ. ಗೋಡೆಯ ಒಳಗೆರೆಯಿಂದ ಒಳಗೆರೆಗೆ ಅಳೆಯಬೇಕು. ಹಾಲ್ ಪ್ರಿಂಟ್ ಮೇಲೆ 3.6 × 2.8 ಸೆಂಟಿಮೀಟರ್ ಇದೆ. 1:100 ಎಂದು ನಂಬಿದವರಿಗೆ ಅದು 10.08 ಚದರ ಮೀಟರ್. ನಮ್ಮ 1.25ರಿಂದ ಗುಣಿಸಿದರೆ 4.5 × 3.5 ಮೀಟರ್, ಅಂದರೆ 15.75 ಚದರ ಮೀಟರ್. ಉದ್ದದಲ್ಲಿ ವ್ಯತ್ಯಾಸ ಶೇ. 25 ಇದ್ದರೆ ವಿಸ್ತೀರ್ಣದಲ್ಲಿ ಶೇ. 56! ಉದ್ದ, ಅಗಲ ಎರಡೂ ಬದಲಾಗುವುದರಿಂದ 1.25 ಎರಡು ಸಲ ಗುಣವಾಗುತ್ತದೆ. ‘ಸ್ವಲ್ಪ ಹೆಚ್ಚುಕಮ್ಮಿ ಆದರೇನು’ ಎನ್ನುವವರು ಮರೆಯುವುದು ಇದನ್ನೇ.

ಹಾಗೇ ಮುಂದುವರಿದರೆ ಒಂದು ಮಲಗುವ ಕೋಣೆ 10.06, ಇನ್ನೊಂದು 8.63, ಅಡುಗೆಮನೆ 7.5. ಬಚ್ಚಲಿಗೆ ಜಾರದ ಟೈಲ್ಸ್ ಬೇರೆ ಬೇಕಾದ್ದರಿಂದ ಅದನ್ನು ಬಿಟ್ಟಿದ್ದೇನೆ. ಒಟ್ಟು ಸುಮಾರು 42 ಚದರ ಮೀಟರ್. ಒಂದು ಚದರ ಮೀಟರ್ ಅಂದರೆ 10.76 ಚದರಡಿ, ಹಾಗಾಗಿ 451 ಚದರಡಿ. 1:100 ನಂಬಿದ್ದರೆ ಬರುತ್ತಿದ್ದುದು 289 ಮಾತ್ರ.

ಇಲ್ಲಿ ಇನ್ನೊಂದು ಗೊಂದಲ ಇದೆ. ‘ನಿಮ್ಮದು ಆರು ಚದರದ ಮನೆ’ ಎನ್ನುತ್ತಾರೆ ಮೇಸ್ತ್ರಿ. ನಮ್ಮ ಕಡೆ ಒಂದು ಚದರ ಅಂದರೆ ನೂರು ಚದರಡಿ. ಆ ಆರು ಚದರದಲ್ಲಿ ಗೋಡೆಗಳು ನಿಂತ ಜಾಗವೂ ಸೇರಿದೆ. ಈ ಮನೆಯಲ್ಲಿ ಗೋಡೆಗಳೇ ಸುಮಾರು ಒಂದು ಚದರ ತಿಂದಿವೆ. ಕಟ್ಟಡದ ಲೆಕ್ಕಕ್ಕೆ ಅದು ಸರಿ, ಟೈಲ್ಸ್ ಲೆಕ್ಕಕ್ಕೆ ಅಲ್ಲ.

ಎರಡಡಿ ಟೈಲ್ಸ್ ಎನ್ನುವುದು ನಿಜವಾಗಿ 600 ಮಿಲಿಮೀಟರ್. ನಾಲ್ಕು ಟೈಲ್ಸ್ ಇರುವ ಬಾಕ್ಸ್ 1.44 ಚದರ ಮೀಟರ್ ಮುಚ್ಚುತ್ತದೆ, ಅಂದರೆ 15.5 ಚದರಡಿ. ಅಂಚುಗಳಲ್ಲಿ ಕತ್ತರಿಸುವಾಗ ಹಾಳಾಗುವುದಕ್ಕೆ ಶೇ. 10 ಸೇರಿಸಿದರೆ 46.1 ಚದರ ಮೀಟರ್, 33 ಬಾಕ್ಸ್. ಗೋಡೆ ಬುಡದ ಸ್ಕರ್ಟಿಂಗ್ ಬೇರೆ ಲೆಕ್ಕ: ಅದಕ್ಕೆ ಬೇಕಾದ್ದು ವಿಸ್ತೀರ್ಣವಲ್ಲ, ಸುತ್ತಳತೆ. ಬಾಗಿಲುಗಳನ್ನು ಕಳೆದು 47 ಮೀಟರ್ ಎಂದಾದರೆ, ಒಂದು ಟೈಲ್‌ನಿಂದ ನಾಲ್ಕಿಂಚಿನ ಐದು ಪಟ್ಟಿ, ಅಂದರೆ ಮೂರು ಮೀಟರ್ ಸಿಗುವ ಲೆಕ್ಕದಲ್ಲಿ 16 ಟೈಲ್ಸ್, ನಾಲ್ಕು ಬಾಕ್ಸ್. ಒಟ್ಟು 37.

ದರ ಅಂಗಡಿಗೊಂದು ಥರ ಇರುತ್ತದೆ. ಲೆಕ್ಕ ತೋರಿಸಲು ಟೈಲ್ಸ್ ಚದರಡಿಗೆ ₹60 ಎಂದಿಟ್ಟುಕೊಂಡರೆ ಬಾಕ್ಸ್‌ಗೆ ₹930, 37ಕ್ಕೆ ₹34,410. ಕೂಲಿ ಚದರಡಿಗೆ ₹30 ಆದರೆ ₹13,530, ಸಿಮೆಂಟ್, ಮರಳಿಗೆ ₹35ರಂತೆ ₹15,785. ಸ್ಕರ್ಟಿಂಗ್ ಕೂಲಿ ಅಡಿ ಲೆಕ್ಕದಲ್ಲಿ: 154 ಅಡಿಗೆ ₹15ರಂತೆ ₹2,310. ಒಟ್ಟು ₹66,035. ಗಮನಿಸಿ, ಟೈಲ್ಸ್‌ಗೆ ವೇಸ್ಟೇಜ್ ಸೇರಿಸಿದ್ದೇವೆ, ಕೂಲಿಗೆ ಸೇರಿಸಿಲ್ಲ. ಹಾಸಿದ ನೆಲಕ್ಕಷ್ಟೇ ಕೂಲಿ.

1:100 ನಂಬಿದ್ದರೆ ನೆಲಕ್ಕೆ 21 ಬಾಕ್ಸ್ ತರುತ್ತಿದ್ದರು. ಹನ್ನೆರಡು ಬಾಕ್ಸ್ ಕಡಿಮೆ. ಮತ್ತೆ ಹೋಗಿ ತಂದರಾಯಿತು ಎನ್ನುವಂತಿಲ್ಲ. ಅದೇ ಹೆಸರಿನ ಟೈಲ್ಸ್ ಆದರೂ ಬೇರೆ ಸಲ ಸುಟ್ಟದ್ದರ ಬಣ್ಣ ಒಂದಿಷ್ಟು ಬೇರೆಯಾಗಿರಬಹುದು. ಬಾಕ್ಸ್ ಮೇಲೆ ಶೇಡ್ ಮತ್ತು ಬ್ಯಾಚ್ ನಂಬರ್ ಹಾಕುವುದು ಇದಕ್ಕೇ. ಅರ್ಧ ಹಾಲ್ ಒಂದು ಬಿಳಿ, ಇನ್ನರ್ಧ ಇನ್ನೊಂದು ಬಿಳಿ ಆದಮೇಲೆ ಕಿತ್ತು ಹಾಕುವುದೊಂದೇ ದಾರಿ.

ಪ್ರಿಂಟ್ ಮೇಲೆ ಅಳೆಯುವುದಕ್ಕೂ ಮಿತಿಯಿದೆ. 1:125ರಲ್ಲಿ ಪಟ್ಟಿಯ ಒಂದು ಮಿಲಿಮೀಟರ್ ತಪ್ಪಿದರೆ ನೆಲದಲ್ಲಿ ಹನ್ನೆರಡೂವರೆ ಸೆಂಟಿಮೀಟರ್ ತಪ್ಪುತ್ತದೆ. ದೊಡ್ಡ ಹಾಲ್‌ನಲ್ಲಿ ಅದು ನಡೆದೀತು, ಚಿಕ್ಕ ಬಚ್ಚಲಿನಲ್ಲಿ ನಡೆಯದು. ಕಂಪ್ಯೂಟರ್‌ನಲ್ಲಿ ಫೋಟೋ ತೆರೆದು ಪಿಕ್ಸೆಲ್ ಎಣಿಸಿದರೆ ಇನ್ನೂ ನಿಖರ: 8.00 ಮೀಟರ್ ಗೋಡೆ 1600 ಪಿಕ್ಸೆಲ್ ಇದ್ದರೆ ಮೀಟರಿಗೆ 200. ಕೋಣೆಯ ಒಳಅಳತೆಯನ್ನು ನಕ್ಷೆಯಲ್ಲೇ ಬರೆದಿದ್ದರಂತೂ ಅಳೆಯುವುದೇ ಬೇಡ, ಬರೆದ ಅಂಕಿಯನ್ನೇ ತೆಗೆದುಕೊಳ್ಳಿ.

ಪಕ್ಕದ ಕೆಜಿಎಫ್‌ನಲ್ಲಿ ಗಣಿ ಕಾಲದ ಹಳೇ ಮನೆಗೆ ನೆಲ ಹಾಕಿಸುವವರಿಗೆ ಬೇರೊಂದು ಎಚ್ಚರಿಕೆ ಬೇಕು. ಅಡಿ, ಇಂಚಿನ ಕಾಲದ ನಕ್ಷೆಗಳಲ್ಲಿ ‘ಎಂಟು ಅಡಿಗೆ ಒಂದು ಇಂಚು’ ಎಂಬಂಥ ಸ್ಕೇಲ್ ಬಳಕೆಯಲ್ಲಿತ್ತು. ಅದು 1:96. ಅದನ್ನು 1:100 ಎಂದೇ ಎಣಿಸಿದರೆ ವಿಸ್ತೀರ್ಣ ಶೇ. 8ರಷ್ಟು ಹೆಚ್ಚು ಬರುತ್ತದೆ. ಅಲ್ಲದೆ ಆಮೇಲೆ ಗೋಡೆ ಒಡೆದು, ವರಾಂಡ ಮುಚ್ಚಿ ಕೋಣೆ ಮಾಡಿಕೊಂಡಿದ್ದರೆ ಅದು ನಕ್ಷೆಯಲ್ಲಿ ಇರುವುದೇ ಇಲ್ಲ. ಅಂಥ ಮನೆಯಲ್ಲಿ ನಕ್ಷೆಯಿಂದ ಬಂದ ಲೆಕ್ಕ ದುಡ್ಡು ಎಷ್ಟು ಹೊಂದಿಸಬೇಕು ಎಂದು ತಿಳಿಯಲು ಸಾಕು. ಆರ್ಡರ್ ಕೊಡುವ ಮುನ್ನ ಟೇಪ್ ಹಿಡಿದು ಪ್ರತಿ ಕೋಣೆಯ ಎರಡೂ ತುದಿಯಲ್ಲಿ ಅಳೆಯಿರಿ. ಎರಡು ಅಳತೆ ಬೇರೆ ಬಂದರೆ ದೊಡ್ಡದನ್ನೇ ಹಿಡಿಯಿರಿ.