ಶಿಲ್ಪದ ಕೈಗಳು ಏನು ಹೇಳುತ್ತವೆ?

ವಸ್ತುಸಂಗ್ರಹಾಲಯಕ್ಕೆ ಹೋದ ಮಕ್ಕಳು ಕೈಯೆತ್ತಿ ನಿಂತ ಬುದ್ಧನನ್ನು ಕಂಡು ‘ಆಶೀರ್ವಾದ ಮಾಡುತ್ತಿದ್ದಾನೆ’ ಎಂದು ಮುಂದಕ್ಕೆ ನಡೆಯುವುದುಂಟು. ವಿಷ್ಣುವಿನ ಮುಂದೆಯೂ ಅದೇ ಮಾತು, ನಟರಾಜನ ಮುಂದೆಯೂ ಅದೇ ಮಾತು. ಆದರೆ ಹಿಂದಿನ ಶಿಲ್ಪಿಗಳು ಕೈಗಳನ್ನು ಅಷ್ಟು ಸುಮ್ಮನೆ ಕಡೆದವರಲ್ಲ. ಬೆರಳುಗಳು ಮೇಲಕ್ಕಿವೆಯೇ ಕೆಳಕ್ಕಿವೆಯೇ, ಅಂಗೈ ನಮ್ಮ ಕಡೆಗಿದೆಯೇ ಒಳಗಡೆಗಿದೆಯೇ ಎಂಬಷ್ಟರಿಂದಲೇ ಅರ್ಥ ಬೇರೆಯಾಗುತ್ತದೆ. ಈ ಕೈಯ ಭಂಗಿಗೆ ಮುದ್ರೆ ಎಂದೂ ಹಸ್ತ ಎಂದೂ ಹೆಸರು. ವಿದ್ಯಾರ್ಥಿಗಳು ಸುಲಭವಾಗಿ ಗುರುತಿಸಬಹುದಾದ ಕೆಲವನ್ನು ಮಾತ್ರ ಇಲ್ಲಿ ನೋಡೋಣ.

ಮೊದಲು ಒಂದಕ್ಕೊಂದು ಬೆರೆತುಹೋಗುವ ಮೂರು ಮುದ್ರೆಗಳು. ಬಲಗೈಯನ್ನು ಎತ್ತಿ, ಅಂಗೈಯನ್ನು ನಮ್ಮ ಕಡೆಗೆ ತಿರುಗಿಸಿ, ಬೆರಳುಗಳನ್ನು ಮೇಲಕ್ಕೆ ಮಾಡಿದ್ದರೆ ಅದು ಅಭಯ. ‘ಹೆದರಬೇಡ’ ಎಂಬುದು ಅದರ ಅರ್ಥ. ಅಂಗೈ ನಮ್ಮ ಕಡೆಗೇ ಇದ್ದು ಬೆರಳುಗಳು ಕೆಳಕ್ಕಿದ್ದರೆ ಅದು ವರದ. ‘ಬೇಡಿದ್ದನ್ನು ಕೊಡುತ್ತೇನೆ’ ಎಂದರ್ಥ. ತಿರುಪತಿಯ ವೆಂಕಟೇಶ್ವರನ ಕೆಳಗಿನ ಬಲಗೈ ಈ ವರದಹಸ್ತ. ಮೂರನೆಯದರಲ್ಲಿಯೂ ಬೆರಳುಗಳು ಕೆಳಕ್ಕೇ ಇವೆ, ಆದರೆ ಅಂಗೈ ಒಳಗಡೆಗೆ ತಿರುಗಿದೆ. ಕುಳಿತ ಬುದ್ಧನ ಕೈ ಬಲಮೊಣಕಾಲಿನ ಮೇಲಿನಿಂದ ಇಳಿದು ನೆಲವನ್ನು ಮುಟ್ಟುತ್ತದೆ. ಇದು ಭೂಸ್ಪರ್ಶ ಮುದ್ರೆ. ಗಯೆಯ ಬೋಧಿವೃಕ್ಷದ ಕೆಳಗೆ ಕುಳಿತಿದ್ದಾಗ ಮಾರನು ಬಂದು, ‘ಈ ಆಸನಕ್ಕೆ ನೀನು ಅರ್ಹನೆನ್ನಲು ಸಾಕ್ಷಿ ಯಾರು?’ ಎಂದು ಕೇಳಿದನಂತೆ. ಸಿದ್ಧಾರ್ಥನು ಬೆರಳಿನಿಂದ ಭೂಮಿಯನ್ನು ಮುಟ್ಟಿ ಅದನ್ನೇ ಸಾಕ್ಷಿಗೆ ಕರೆದನು. ಎಂದಮೇಲೆ ಇಲ್ಲಿ ವರವೂ ಇಲ್ಲ, ಆಶೀರ್ವಾದವೂ ಇಲ್ಲ. ಜ್ಞಾನೋದಯದ ಆ ರಾತ್ರಿಯ ಒಂದು ಘಟನೆಯಿದೆ. ವರದವೋ ಭೂಸ್ಪರ್ಶವೋ ಎಂಬ ಸಂದೇಹ ಬಂದಾಗ ಅಂಗೈ ಯಾವ ಕಡೆಗಿದೆ ಎಂಬುದನ್ನು ನೋಡಿದರೆ ಸಾಕು.

ಅಭಯಕ್ಕೂ ಇಂಥದೇ ಒಂದು ಕಥೆಯುಂಟು. ರಾಜಗೃಹದ ಬೀದಿಯಲ್ಲಿ ಬುದ್ಧನನ್ನು ಕೊಲ್ಲಿಸಲೆಂದು ದೇವದತ್ತನು ನಾಲಾಗಿರಿ ಎಂಬ ಮದದಾನೆಯನ್ನು ಬಿಡಿಸಿದನು. ಬುದ್ಧನ ಎದುರು ಬಂದ ಆನೆ ಶಾಂತವಾಗಿ ಮಂಡಿಯೂರಿತು. ಅಮರಾವತಿಯ ಸ್ತೂಪಕ್ಕಾಗಿ ಇದನ್ನು ಒಂದು ದುಂಡನೆಯ ಫಲಕದಲ್ಲಿ ಕಡೆದಿದ್ದಾರೆ. ಅದು ಈಗ ಚೆನ್ನೈಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದೇ ಆನೆಯನ್ನು ಶಿಲ್ಪಿ ಎರಡು ಸಲ ತೋರಿಸಿದ್ದಾನೆ: ಒಂದು ಕಡೆ ಜನರನ್ನು ತುಳಿಯುತ್ತಾ ಬರುವ ಆನೆ, ಇನ್ನೊಂದು ಕಡೆ ಬುದ್ಧನ ಮುಂದೆ ಬಾಗಿದ ಆನೆ. ಚೆನ್ನೈಯಲ್ಲಿರುವ ನಮ್ಮ ಮಕ್ಕಳು ಎರಡನ್ನೂ ಹುಡುಕಿ ನೋಡಬಹುದು.

ಈಗ ಒಂದೇ ಒಂದು ಮೂರ್ತಿಯನ್ನು ಕೆಳಗಿನಿಂದ ಮೇಲಕ್ಕೆ ಓದೋಣ. 1904-05ರ ಉತ್ಖನನದಲ್ಲಿ ಸಾರನಾಥದಲ್ಲಿ ಸುಮಾರು ಐದು ಅಡಿ ಎತ್ತರದ, ಮರಳುಗಲ್ಲಿನ ಬುದ್ಧನೊಬ್ಬನು ದೊರೆತನು. 5ನೆಯ ಶತಮಾನದ, ಗುಪ್ತರ ಕಾಲದ ಕೆಲಸ ಅದು. ಈಗ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿಯೇ ಇದೆ. ಪೀಠದ ನಡುವೆ ಒಂದು ಚಕ್ರ. ಅದರ ಎರಡು ಪಕ್ಕಗಳಲ್ಲಿ ಜಿಂಕೆಗಳು. ಅಂದರೆ ಸ್ಥಳ ಸಾರನಾಥದ ಮೃಗವನ. ಕೈಮುಗಿದು ಕುಳಿತ ಐವರು ಮೊದಲ ಶಿಷ್ಯರು. ಅವರ ಜೊತೆಗಿರುವ ಹೆಂಗಸು ಮತ್ತು ಮಗು ಯಾರು? ಮೂರ್ತಿಯನ್ನು ಮಾಡಿಸಿದ ದಾನಿಯಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಮೇಲೆ ಬುದ್ಧನು ಪದ್ಮಾಸನದಲ್ಲಿದ್ದಾನೆ. ಎರಡು ಕೈಗಳೂ ಎದೆಯ ಮುಂದಿವೆ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಸೇರಿ ಒಂದು ಉಂಗುರವಾಗಿದೆ, ಎಡಗೈಯ ಬೆರಳು ಅದನ್ನು ಮುಟ್ಟುತ್ತಿದೆ. ಇದು ಧರ್ಮಚಕ್ರ ಮುದ್ರೆ, ಉಪದೇಶದ ಗುರುತು. ಚಕ್ರ, ಜಿಂಕೆ, ಐವರು ಶಿಷ್ಯರು, ಕೈ ಎಲ್ಲವೂ ಒಂದೇ ಸಂಗತಿಯನ್ನು ಹೇಳುತ್ತವೆ: ಇದು ಬುದ್ಧನ ಮೊದಲನೆಯ ಉಪದೇಶ.

ಮುದ್ರೆ ಅದೇ ಇದ್ದು ಆಸನ ಬದಲಾಗುವುದೂ ಉಂಟು. ಮುಂಬಯಿ, ಪುಣೆಗಳ ಶಾಲೆಗಳಿಂದ ಮಕ್ಕಳು ಪ್ರವಾಸ ಹೋಗುವ ಎಲ್ಲೋರದ 10ನೆಯ ಗುಹೆಯಲ್ಲಿ ಸ್ತೂಪದ ಮುಂದೆ ಕುಳಿತ ದೊಡ್ಡ ಬುದ್ಧನೂ ಉಪದೇಶವನ್ನೇ ಮಾಡುತ್ತಿದ್ದಾನೆ. ಆದರೆ ಕಾಲು ಮಡಿಸಿಲ್ಲ. ಸಿಂಹಾಸನದ ಮೇಲೆ ಅರಸನಂತೆ ಕುಳಿತು ಎರಡೂ ಪಾದಗಳನ್ನು ಕೆಳಗಿಟ್ಟಿದ್ದಾನೆ. ಈ ಭಂಗಿಗೆ ಪ್ರಲಂಬಪಾದಾಸನ ಎಂದು ಹೆಸರು. ಒಂದು ಕಾಲನ್ನು ಮಾತ್ರ ಇಳಿಬಿಟ್ಟು ಇನ್ನೊಂದನ್ನು ಮಡಿಸಿ ಆರಾಮವಾಗಿ ಕುಳಿತರೆ ಅದು ಲಲಿತಾಸನ; ಪಾರ್ವತಿಯೊಡನೆ ಕುಳಿತ ಶಿವನಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ.

ಹಿಂದೂ ದೇವತೆಗಳಿಗೆ ಕೈಗಳು ಹೆಚ್ಚು. ಸಾಮಾನ್ಯವಾಗಿ ಹಿಂದಿನ ಕೈಗಳು ಆಯುಧಗಳನ್ನು ಹಿಡಿದು ‘ಇವನು ಯಾರು’ ಎಂಬುದನ್ನು ಹೇಳುತ್ತವೆ, ಮುಂದಿನ ಕೈಗಳು ‘ಏನು ಮಾಡುತ್ತಾನೆ’ ಎಂಬುದನ್ನು ಹೇಳುತ್ತವೆ. ಚೋಳರ ಕಾಲದ ಕಂಚಿನ ನಟರಾಜನನ್ನು ನೋಡಿ. ಹಿಂದಿನ ಬಲಗೈಯಲ್ಲಿ ಡಮರು, ಎಡಗೈಯಲ್ಲಿ ಬೆಂಕಿ. ಮುಂದಿನ ಬಲಗೈ ಅಭಯ. ಮುಂದಿನ ಎಡತೋಳು ಎದೆಗೆ ಅಡ್ಡವಾಗಿ ಬಂದು ಕೈ ಆನೆಯ ಸೊಂಡಿಲಿನಂತೆ ಇಳಿಬಿದ್ದಿದೆ, ಇದು ಗಜಹಸ್ತ. ಅದರ ಬೆರಳುಗಳ ಜಾಡನ್ನು ಹಿಡಿದು ಹೋದರೆ ಎತ್ತಿದ ಎಡಪಾದಕ್ಕೆ ಬರುತ್ತೇವೆ. ಬಲಪಾದ ಅಪಸ್ಮಾರನೆಂಬ ಕುಳ್ಳನನ್ನು ತುಳಿದಿದೆ. ಡಮರು ಸೃಷ್ಟಿ, ಅಭಯ ರಕ್ಷಣೆ, ಬೆಂಕಿ ಲಯ, ಊರಿದ ಪಾದ ಮರೆಮಾಡುವಿಕೆ, ಎತ್ತಿದ ಪಾದ ಅನುಗ್ರಹ ಎಂದು ಶೈವರು ಇದನ್ನು ವಿವರಿಸುತ್ತಾರೆ. ಎಂದರೆ ಅಭಯದ ಕೈ ಹೆದರಬೇಡವೆನ್ನುತ್ತದೆ, ಗಜಹಸ್ತ ಎಲ್ಲಿಗೆ ಬರಬೇಕೆಂದು ತೋರಿಸುತ್ತದೆ.

ಇನ್ನು ಕೈಯೊಂದನ್ನೇ ನಂಬಿದರೆ ಮೋಸಹೋಗುವ ಒಂದು ಜಾಗ. ಪದ್ಮಾಸನದಲ್ಲಿ ಕುಳಿತು ಮಡಿಲಲ್ಲಿ ಕೈಯ ಮೇಲೆ ಕೈಯಿಟ್ಟ ಮೂರ್ತಿಯನ್ನು ಕಂಡೊಡನೆ ಬುದ್ಧನೆಂದುಬಿಡುತ್ತೇವೆ. ಅದು ಧ್ಯಾನ ಮುದ್ರೆ ನಿಜ, ಆದರೆ ಜೈನ ತೀರ್ಥಂಕರರೂ ಹಾಗೆಯೇ ಕುಳಿತಿರುತ್ತಾರೆ. ಆಗ ಮೈಯನ್ನು ನೋಡಬೇಕು. ಬುದ್ಧನ ಎಡಹೆಗಲ ಮೇಲಾದರೂ ಚೀವರದ ಅಂಚು ಕಾಣುತ್ತದೆ, ನೆತ್ತಿ ಉಬ್ಬಿರುತ್ತದೆ. ದಿಗಂಬರ ಜಿನನ ಮೈಮೇಲೆ ಬಟ್ಟೆಯ ಗೆರೆಯಿಲ್ಲ. ತಲೆಯ ಮೇಲೆ ಹಲವು ಕಡೆ ಮುಕ್ಕೊಡೆಯಿರುತ್ತದೆ. ಉತ್ತರದ ಜಿನಮೂರ್ತಿಗಳ ಎದೆಯ ಮೇಲೆ ಶ್ರೀವತ್ಸದ ಗುರುತಿರುತ್ತದೆ, ನಮ್ಮ ಕಡೆ ಅದು ಅನೇಕ ವೇಳೆ ಇರುವುದಿಲ್ಲ. ಇನ್ನೊಂದು ಸಂಗತಿ: ತೀರ್ಥಂಕರರಿಗೆ ಎರಡೇ ಭಂಗಿ. ಒಂದು ಹೀಗೆ ಕುಳಿತ ಧ್ಯಾನ, ಇನ್ನೊಂದು ತೋಳುಗಳನ್ನು ಇಳಿಬಿಟ್ಟು ನೆಟ್ಟಗೆ ನಿಂತ ಕಾಯೋತ್ಸರ್ಗ. ಶ್ರವಣಬೆಳಗೊಳದ ಗೊಮ್ಮಟನೂ ನಿಂತಿರುವುದು ಕಾಯೋತ್ಸರ್ಗದಲ್ಲಿಯೇ. ಆದ್ದರಿಂದ ಅಭಯವೋ ಭೂಸ್ಪರ್ಶವೋ ಕಂಡರೆ ಅದು ಜಿನನಲ್ಲವೆಂದು ಧೈರ್ಯವಾಗಿ ಹೇಳಬಹುದು.

ಕೈಯೇ ಮುರಿದಿದ್ದರೆ ಏನು ಮಾಡುವುದು? ಮೂರ್ತಿಗಳಲ್ಲಿ ಹೊರಕ್ಕೆ ಚಾಚಿದ ಮುಂಗೈ ಮೊದಲು ಮುರಿಯುತ್ತದೆ. ಆಗ ಉಳಿದ ತೋಳನ್ನು ನೋಡಬೇಕು. ಮೊಣಕೈ ಮಡಿಸಿ ತೋಳು ಮೇಲಕ್ಕೆ ಹೊರಟಿದ್ದರೆ ಅಭಯವಿದ್ದಿರಬಹುದು. ಎದೆಯ ನಡುವೆ ಎರಡೂ ಕೈಗಳ ಮುರಿದ ಗುರುತಿದ್ದರೆ ಧರ್ಮಚಕ್ರವಿದ್ದಿರಬಹುದು. ಬಲಮೊಣಕಾಲಿನ ಮೇಲೆ ಬೆರಳುಗಳಷ್ಟೇ ಉಳಿದಿದ್ದರೆ ಭೂಸ್ಪರ್ಶ. ಹೊಸದಾಗಿ ಜೋಡಿಸಿದ ಕೈಯ ಕಲ್ಲಿನ ಬಣ್ಣ ಬೇರೆಯಾಗಿದ್ದರೆ ಆ ಕೈಯನ್ನು ನಂಬದೆ ಪೀಠವನ್ನು ನೋಡುವುದು ಲೇಸು. ಮುಂದಿನ ಸಲ ಮೂರ್ತಿಯ ಎದುರು ನಿಂತಾಗ ಮಕ್ಕಳು ಹೆಸರಿನ ಚೀಟಿಯನ್ನು ಕೊನೆಗೆ ಓದಲಿ. ಮೊದಲು ಪೀಠ, ಆಮೇಲೆ ಕಾಲು, ಆಮೇಲೆ ಅಂಗೈ, ಕೊನೆಗೆ ಕೈಯಲ್ಲಿ ಹಿಡಿದ ವಸ್ತು ಎಂಬ ಕ್ರಮದಲ್ಲಿ ನೋಡಿ ತಾವೇ ಹೆಸರು ಹೇಳಿ, ಚೀಟಿಯೊಡನೆ ಹೋಲಿಸಿಕೊಳ್ಳಲಿ.