ಏಳೆಂಟು ಸಾಲಿನ ಮಲ್ಲಿಕಾರ್ಜುನ ಮನಸೂರ

ಹಿಂದುಸ್ತಾನಿ ಸಂಗೀತೋತ್ಸವಗಳ ಕಾರ್ಯಕ್ರಮ ಪುಸ್ತಿಕೆಯಲ್ಲಿ ಒಬ್ಬ ಗಾಯಕರಿಗೆ ಸಿಗುವುದು ಏಳೆಂಟು ಸಾಲು. ಅದರಲ್ಲಿ ಮೊದಲು ಘರಾಣೆ, ಆಮೇಲೆ ಗುರುಗಳ ಹೆಸರು, ಹಾಡುಗಾರಿಕೆಯ ಬಗ್ಗೆ ಎರಡು ವಿಶೇಷಣ, ಕೊನೆಗೆ ಪ್ರಶಸ್ತಿಗಳು ಬರುತ್ತವೆ. ಈ ಜೋಡಣೆಯಲ್ಲಿ ಸುಳ್ಳು ಕಡಿಮೆ. ಆದರೆ ಯಾವುದು ಎಷ್ಟು ಕಾಲ ನಡೆಯಿತು, ಯಾವುದರ ನಂತರ ಯಾವುದು ಬಂತು ಎಂಬುದು ಅದರಲ್ಲಿ ಕಾಣುವುದಿಲ್ಲ.

ದರ್ಬಾರಿನಲ್ಲಿ, ಮನೆಯ ಬೈಠಕ್‌ಗಳಲ್ಲಿ ಇಂಥ ಪರಿಚಯ ಬೇಕಿರಲಿಲ್ಲ. ಹಾಡುವವರು ಯಾರ ಶಿಷ್ಯರೆಂಬುದು ಕರೆಸಿದವರಿಗೆ ತಿಳಿದೇ ಇರುತ್ತಿತ್ತು. ಗ್ರಾಮಫೋನು ಬಂದಾಗ ಕೇಳುಗರು ಅಪರಿಚಿತರಾದರು. 1902ರಲ್ಲಿ ಕಲ್ಕತ್ತೆಯಲ್ಲಿ ಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಸಾರಿದರು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ಗೊತ್ತಾಗಬೇಕಿತ್ತು. ನಮ್ಮ ಸಂಗೀತದಲ್ಲಿ ಕಲಾವಿದರ ಪರಿಚಯದ ಅತಿ ಚಿಕ್ಕ ಮಾದರಿ ಇದೇ ಇರಬೇಕು. ಆಮೇಲೆ ಟಿಕೆಟ್ಟಿನ ಸಮ್ಮೇಳನಗಳು, ಆಕಾಶವಾಣಿ, 1953ರಲ್ಲಿ ಭೀಮಸೇನ ಜೋಶಿ ತಮ್ಮ ಗುರುವಿನ ನೆನಪಿಗೆ ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವದಂಥವು ಬಂದವು. ಸಾವಿರಾರು ಜನ ಕೂತ ಮಂಟಪದಲ್ಲಿ ಘರಾಣೆಯ ಹೆಸರು ಒಂದು ಖಾತರಿಯ ಮುದ್ರೆಯಂತೆ ಕೆಲಸಕ್ಕೆ ಬಂತು.

ಆ ಮುದ್ರೆ ಏನನ್ನು ಮುಚ್ಚುತ್ತದೆ ಎಂಬುದಕ್ಕೆ ಮಲ್ಲಿಕಾರ್ಜುನ ಮನಸೂರರ ಪರಿಚಯವೇ ಸಾಕ್ಷಿ. ‘ಜೈಪುರ-ಅತ್ರೌಲಿ ಘರಾಣೆಯ ದಿಗ್ಗಜ, ಮಂಜಿಖಾನ್ ಮತ್ತು ಭುರ್ಜಿಖಾನರ ಶಿಷ್ಯ, ಪದ್ಮವಿಭೂಷಣ’ ಎಂಬ ಧಾಟಿಯ ಪರಿಚಯವನ್ನು ಬಿಡಿಸಿ ನೋಡೋಣ.

ಧಾರವಾಡದ ಬಳಿಯ ಮನಸೂರಿನ ಈ ಹುಡುಗ ಮೊದಲು ಬಣ್ಣ ಹಚ್ಚಿದ್ದು ನಾಟಕ ಕಂಪನಿಯಲ್ಲಿ. ಮೊದಲ ಪಾಠ ಅಪ್ಪಯ್ಯಸ್ವಾಮಿಗಳಿಂದ, ಅದೂ ಕರ್ನಾಟಕ ಸಂಗೀತದ್ದು. ನಂತರ ಮಿರಜಿನಲ್ಲಿ ನೀಲಕಂಠಬುವಾ ಅವರ ಬಳಿ ವರ್ಷಗಟ್ಟಲೆ ಗ್ವಾಲಿಯರ್ ಗಾಯಕಿಯ ಅಭ್ಯಾಸ ನಡೆಯಿತು. ಎಚ್‌ಎಂವಿಯಲ್ಲಿ ಅವರ ಧ್ವನಿಮುದ್ರಿಕೆಗಳು ಬರತೊಡಗಿದಾಗ ಅವರಿನ್ನೂ ಜೈಪುರದ ಹೊಸ್ತಿಲು ತುಳಿದಿರಲಿಲ್ಲ. ಅಂದರೆ ಹೆಸರು ಮಾಡಿದ ಗಾಯಕನೊಬ್ಬ ಮತ್ತೆ ವಿದ್ಯಾರ್ಥಿಯಾಗಿ ಕೂತ. ಆ ಘರಾಣೆಯ ಮೂಲಪುರುಷ ಅಲ್ಲಾದಿಯಾಖಾನರ ಮಗ ಮಂಜಿಖಾನ್ 1937ರಲ್ಲಿ ತೀರಿಕೊಂಡರು. ಅವರ ಬಳಿ ಮನಸೂರರಿಗೆ ಸಿಕ್ಕದ್ದು ಎರಡು ವರ್ಷಕ್ಕೆ ಮೀರದ ಕಾಲ. ಮುಂದಿನ ಪಾಠ ಮಂಜಿಖಾನರ ತಮ್ಮ ಭುರ್ಜಿಖಾನರದು. ಪರಿಚಯದ ಸಾಲಿನಲ್ಲಿ ಮೊದಲ ಹೆಸರು ಮಂಜಿಖಾನರದೇ. ನೀಲಕಂಠಬುವಾ ಸ್ಥಳವಿದ್ದರೆ ಬರುತ್ತಾರೆ, ಅಪ್ಪಯ್ಯಸ್ವಾಮಿಗಳು ಬರುವುದು ಇನ್ನೂ ಅಪರೂಪ.

ಘರಾಣೆಯ ಹೆಸರು ಹೆಚ್ಚಿನ ಅರ್ಥ ಕೊಡುವುದು ಹಾಡುಗಾರಿಕೆಯ ವಿವರಕ್ಕೆ ಬಂದಾಗ. ಜೈಪುರ-ಅತ್ರೌಲಿಯವರು ಆಕಾರದಲ್ಲಿ, ಅತಿ ವಿಳಂಬಕ್ಕೆ ಹೋಗದ ಲಯದಲ್ಲಿ, ಹೆಚ್ಚಾಗಿ ತೀನ್‌ತಾಲದಲ್ಲಿ ಹಾಡುತ್ತಾರೆ. ರಾಗ ಒಂದೊಂದೇ ಸ್ವರವಾಗಿ ಬಿಚ್ಚಿಕೊಳ್ಳುವುದಿಲ್ಲ. ಒಂದು ಸ್ವರಗುಚ್ಛದೊಳಗಿಂದ ಇನ್ನೊಂದು ಹುಟ್ಟಿ, ಮಾತ್ರೆಗಳ ನಡುವೆ ಹೆಣೆದುಕೊಂಡು ಸಮಕ್ಕೆ ಬಂದು ಸೇರುತ್ತದೆ. ಮರಾಠಿ ವಿಮರ್ಶಕ ವಾಮನರಾವ್ ದೇಶಪಾಂಡೆ ಘರಾಣೆಗಳನ್ನು ಸ್ವರ ಮತ್ತು ಲಯದ ಎರಡು ತುದಿಗಳ ನಡುವೆ ಇಟ್ಟು ನೋಡಿದಾಗ ಕಿರಾಣಾ ಸ್ವರದ ಕಡೆಗೆ, ಆಗ್ರಾ ಲಯದ ಕಡೆಗೆ, ಜೈಪುರ ನಡುವೆ ನಿಂತಿತು. ಶಿವಮತ್ ಭೈರವ, ಖಟ್, ಏಕ್ ನಿಷಾದ್ ಬಿಹಾಗಡಾದಂಥ ಅಪ್ರಚಲಿತ ರಾಗಗಳನ್ನು ಮನಸೂರರು ಹಾಡಿದ್ದನ್ನು ಕೇಳಿದರೆ ಈ ಹೆಣಿಗೆ ಕಿವಿಗೆ ಸಿಗುತ್ತದೆ. ಆದರೆ ಎಷ್ಟೇ ತೊಡಕಿನ ರಾಗದಲ್ಲೂ ಅದರ ರೂಪ ಮೊದಲ ಆವರ್ತನಗಳಲ್ಲೇ ನೇರವಾಗಿ ನಿಲ್ಲುವುದರ ಹಿಂದೆ ಮಿರಜಿನ ಪಾಠವೂ ಇದೆಯೆಂದು ನನಗನ್ನಿಸುತ್ತದೆ. ಪುಸ್ತಿಕೆಯಲ್ಲಿ ಇದಕ್ಕೆಲ್ಲ ಬದಲಾಗಿ ಸಿಗುವ ಪದ ‘ಅಪ್ರತಿಮ’.

ಪ್ರಶಸ್ತಿಗಳನ್ನು ಇಸವಿಯೊಂದಿಗೆ ಬರೆದರೆ ಬೇರೆಯೇ ಕಥೆ ತೆರೆಯುತ್ತದೆ. ಪದ್ಮಶ್ರೀ 1970ರಲ್ಲಿ, ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ ಅವರು ತೀರಿಕೊಂಡ 1992ರಲ್ಲಿ. ಭುರ್ಜಿಖಾನ್ ತೀರಿಕೊಂಡದ್ದು 1950ರಲ್ಲಿ. ಕಲಿಕೆಯ ಕೊನೆಗೂ ಮೊದಲ ಪದ್ಮಗೌರವಕ್ಕೂ ನಡುವೆ ಇಪ್ಪತ್ತು ವರ್ಷ. ಅದು ಬರುವ ಹೊತ್ತಿಗೆ ಮನಸೂರರಿಗೆ ಅರವತ್ತರ ಹತ್ತಿರ. ಇಸವಿಯಿಲ್ಲದ ಪಟ್ಟಿ ಈ ಕಾಯುವಿಕೆಯನ್ನು ಅಳಿಸಿ, ಎಲ್ಲ ಗೌರವಗಳೂ ಸಾಲಾಗಿ ಬಂದವು ಎಂಬ ಭಾವನೆ ಮೂಡಿಸುತ್ತದೆ. ಪರಿಚಯ ಬರೆಯುವವರು ಪ್ರಶಸ್ತಿಗೊಂದು ಇಸವಿ ಸೇರಿಸಿದರೆ ಬೇಕಾಗುವ ಹೆಚ್ಚಿನ ಜಾಗ ಅರ್ಧ ಸಾಲು.

ವಚನಗಳ ವಿಷಯ ಇನ್ನೂ ತೊಡಕಿನದು. ಕನ್ನಡನಾಡಿನಲ್ಲಿ ಖಯಾಲಿನ ಗಂಧವಿಲ್ಲದವರಿಗೂ ಮನಸೂರರು ಪರಿಚಿತರಾದದ್ದು ವಚನ ಗಾಯನದಿಂದ. ಆದರೆ ವಚನ ಅಲ್ಲಾದಿಯಾಖಾನರ ಮನೆಯ ಚೀಜಲ್ಲ; ಯಾವ ಘರಾಣೆಯ ಲೆಕ್ಕಕ್ಕೂ ಸೇರುವುದಿಲ್ಲ. ಹೀಗಾಗಿ ಅದು ಬಂದರೂ ‘ವಚನಗಳನ್ನೂ ಹಾಡುತ್ತಿದ್ದರು’ ಎಂಬ ಬಾಲವಾಗಿ, ಪ್ರಶಸ್ತಿಗಳೆಲ್ಲ ಮುಗಿದ ಮೇಲೆ ಬರುತ್ತದೆ.